ಬಟ್ಟೆಯ ದೋಷವೋ, ಒತ್ತಡದ ದೋಷವೋ

ಮೊಸರನ್ನು ತೆಳುವಾದ ಬಿಳಿಯ ಬಟ್ಟೆಯಲ್ಲಿ ಕಟ್ಟಿ ಅಡಿಗೆಮನೆಯ ಗೂಟಕ್ಕೆ ತೂಗುಹಾಕಿದಾಗ, ಸ್ವಲ್ಪ ಹೊತ್ತಿನಲ್ಲಿಯೇ ಅದರ ತಳದಿಂದ ತಿಳಿಯಾದ ಹಳದಿ ಛಾಯೆಯ ನೀರು ತೊಟ್ಟುತೊಟ್ಟಾಗಿ ಕೆಳಗಿನ ಪಾತ್ರೆಗೆ ಬೀಳುವುದನ್ನು ನೋಡದವರು ನಮ್ಮಲ್ಲಿ ವಿರಳ. ಗಂಟನ್ನು ಕೈಯಿಂದ ಹಿಂಡಿದರೆ ಆ ನೀರು ಇನ್ನಷ್ಟು ಬೇಗ ಇಳಿಯುವುದು; ಆದರೆ ಬಟ್ಟೆ ಗಟ್ಟಿಯಾಗಿರುವವರೆಗೆ, ಎಷ್ಟೇ ಇಳಿದರೂ ಪಾತ್ರೆಯಲ್ಲಿ ನಿಲ್ಲುವುದು ಬಹುಮಟ್ಟಿಗೆ ತಿಳಿನೀರೇ ಹೊರತು ಮೊಸರಲ್ಲ. ಬಟ್ಟೆ ಹಳೆಯದಾಗಿ ಎಳೆ ಬಿಟ್ಟಿದ್ದರೆ ಕಥೆ ಬೇರೆ: ಆಗ ಯಾರೂ ಹಿಂಡದಿದ್ದರೂ ಮೊಸರಿನ ಗಟ್ಟಿಯ ಭಾಗವೇ ಜಿನುಗಿ ಪಾತ್ರೆಯ ನೀರನ್ನು ಮಂದವಾಗಿಸುವುದು. ಗಂಟನ್ನು ಕಣ್ಣಿನಿಂದ ಕಾಣದೆ, ಕೇವಲ ಪಾತ್ರೆಯಲ್ಲಿ ಬಿದ್ದುದನ್ನು ಪರೀಕ್ಷಿಸಿ, ದೋಷವು ಹಿಂಡಿದ ಕೈಯದೋ ಹರಿದ ಬಟ್ಟೆಯದೋ ಎಂದು ನಿರ್ಣಯಿಸಬೇಕಾದ ಪ್ರಸಂಗವೊಂದು ವೈದ್ಯನಿಗೆ ಆಗಾಗ ಒದಗುತ್ತದೆ. ಈ ಅಧ್ಯಾಯವು ಆ ನಿರ್ಣಯವನ್ನು ಕುರಿತದ್ದು.

"ಶ್ವಾಸಕೋಶದಲ್ಲಿ ನೀರು ತುಂಬಿದೆಯಂತೆ" ಎಂದು ಜನರು ಆಡುವ ಮಾತಿನಲ್ಲಿ ಎರಡು ಬೇರೆಬೇರೆ ವ್ಯಾಧಿಗಳು ಬೆರೆತುಹೋಗಿವೆ. ಶ್ವಾಸಕೋಶದ ಒಳಗಿನ ಗಾಳಿಗೂಡುಗಳಲ್ಲಿಯೇ ನೀರು ನಿಲ್ಲುವುದು ಒಂದು. ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವಣ ಅವಕಾಶದಲ್ಲಿ ನೀರು ಸಂಗ್ರಹವಾಗುವುದು ಇನ್ನೊಂದು. ನಮ್ಮ ವಿಷಯ ಎರಡನೆಯದು. ಶ್ವಾಸಕೋಶದ ಮೈಗೆ ಅಂಟಿದಂತೆ ಒಂದು ನಯವಾದ ಪೊರೆಯೂ, ಎದೆಗೂಡಿನ ಒಳಮೈಗೆ ಅಂಟಿದಂತೆ ಮತ್ತೊಂದು ಪೊರೆಯೂ ಉಂಟು. ಇವೆರಡಕ್ಕೂ ಸೇರಿ ಪ್ಲೂರ ಎಂದು ಹೆಸರು. ಆರೋಗ್ಯವಂತನಲ್ಲಿ ಈ ಎರಡು ಪೊರೆಗಳ ನಡುವೆ ಇರುವ ದ್ರವವು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಹೆಚ್ಚೆಂದರೆ 0.3 ಮಿಲಿಲೀಟರ್, ಅಂದರೆ ಅರುವತ್ತು ಕಿಲೋ ತೂಗುವ ಮನುಷ್ಯನ ಎದೆಯಲ್ಲಿ ಮೂರು ನಾಲ್ಕು ಸಣ್ಣ ಚಮಚಗಳಿಗೆ ಮೀರದಷ್ಟು. ಉಸಿರಿನೊಡನೆ ಪೊರೆಯ ಮೇಲೆ ಪೊರೆ ಜಾರುವುದಕ್ಕೆ ಬೇಕಾದ ಸ್ನಿಗ್ಧತೆ ಇಷ್ಟರಿಂದಲೇ ದೊರೆಯುವುದು. ಈ ದ್ರವವು ನಿಂತ ನೀರಲ್ಲ. ಗೋಡೆಯ ಕಡೆಯ ಪೊರೆಯ ಸೂಕ್ಷ್ಮ ರಕ್ತನಾಳಗಳಿಂದ ಸದಾ ಒಸರುತ್ತ, ಅದೇ ಪೊರೆಯಲ್ಲಿರುವ ಅತಿಸಣ್ಣ ರಂಧ್ರಗಳ ಮೂಲಕ ದುಗ್ಧನಾಳಗಳನ್ನು ಸೇರಿ ಸದಾ ಹೊರಹೋಗುತ್ತಿರುವುದು. ಬರುವ ನೀರು ಹಲವು ಪಟ್ಟು ಹೆಚ್ಚಿದರೂ ಅದನ್ನು ಹೊತ್ತೊಯ್ಯುವ ಶಕ್ತಿ ಈ ನಾಳಗಳಿಗೆ ಉಂಟಾದುದರಿಂದ, ಎದೆಯಲ್ಲಿ ನೀರು ನಿಂತಿತೆಂದರೆ ಆಯವು ವ್ಯಯವನ್ನು ಬಹಳವಾಗಿ ಮೀರಿದೆಯೆಂದೋ, ವ್ಯಯದ ದಾರಿಯೇ ಕಟ್ಟಿದೆಯೆಂದೋ ತಿಳಿಯಬೇಕು.

ಆಯವು ಹೆಚ್ಚುವುದಕ್ಕೆ ದಾರಿಗಳು ಎರಡು. ರಕ್ತನಾಳದ ಗೋಡೆಯ ಮೂಲಕ ನೀರನ್ನು ಹೊರಗೆ ನೂಕುವುದು ರಕ್ತದ ಒತ್ತಡ. ಅದನ್ನು ಒಳಗೆ ಹಿಡಿದಿಡುವುದು ರಕ್ತದಲ್ಲಿರುವ ಪ್ರೋಟೀನು, ವಿಶೇಷವಾಗಿ ಆಲ್ಬುಮಿನ್. ಈ ಎರಡು ಬಲಗಳ ತೂಗುಯ್ಯಾಲೆಯನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ವಿವರಿಸಿದನು. ಹೃದಯವು ದುರ್ಬಲಗೊಂಡು ರಕ್ತವು ಹಿಂದೆ ತಡೆದು ನಿಂತಾಗ ಒತ್ತಡ ಏರುವುದು. ಮೂತ್ರಪಿಂಡದ ಕೆಲವು ರೋಗಗಳಲ್ಲಿ ಆಲ್ಬುಮಿನ್ ಮೂತ್ರದಲ್ಲಿ ಹರಿದುಹೋಗಿ ಹಿಡಿತ ಸಡಿಲುವುದು. ಎರಡರಲ್ಲಿಯೂ ಗೋಡೆ ನಿರ್ದೋಷಿ. ಬಟ್ಟೆ ಗಟ್ಟಿಯಾಗಿಯೇ ಇದ್ದು, ಹಿಂಡುವ ಕೈ ಬಲವಾಗಿದೆ ಅಷ್ಟೆ. ಹೀಗೆ ಸೋಸಿ ಬಂದ ನೀರಿಗೆ ಟ್ರಾನ್ಸುಡೇಟ್ ಎಂದು ಹೆಸರು. ಇದಕ್ಕೆ ಪ್ರತಿಯಾಗಿ, ಕ್ಷಯ, ನ್ಯುಮೋನಿಯ, ಅರ್ಬುದ ಮೊದಲಾದವು ಪೊರೆಯನ್ನೇ ಮುಟ್ಟಿದಾಗ ಅಲ್ಲಿ ಉರಿಯೂತ ಉಂಟಾಗಿ, ರಕ್ತನಾಳದ ಗೋಡೆಯ ಜೀವಕೋಶಗಳ ಸಂದುಗಳು ಅಗಲಿಸಿ, ಪ್ರೋಟೀನಿನ ದೊಡ್ಡ ಅಣುಗಳೂ ಬಿಳಿಯ ರಕ್ತಕಣಗಳೂ ನೀರಿನೊಡನೆ ಹೊರಬೀಳುವುವು. ಇದು ಎಕ್ಸುಡೇಟ್. ಎರಡು ಪದಗಳ ಒಡಲಿನಲ್ಲಿಯೂ ಬೆವರುವುದೆಂಬ ಅರ್ಥದ ಲ್ಯಾಟಿನ್ ಧಾತುವೊಂದೇ ಇದೆ; ಒಂದು ಆರಪಾರಾಗಿ ಬೆವರಿದ್ದು, ಇನ್ನೊಂದು ಹೊರಕ್ಕೆ ಬೆವರಿದ್ದು.

ಈ ಭೇದವು ಕೇವಲ ಶಾಸ್ತ್ರಕಾರರ ವಿನೋದವಲ್ಲ. ದ್ರವವು ಟ್ರಾನ್ಸುಡೇಟ್ ಆಗಿದ್ದರೆ ಎದೆಯನ್ನು ಇನ್ನು ಕೆದಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಹೃದಯವನ್ನೋ ಯಕೃತ್ತನ್ನೋ ಮೂತ್ರಪಿಂಡವನ್ನೋ ಚಿಕಿತ್ಸಿಸಿದರೆ ನೀರು ತಾನಾಗಿ ಇಂಗುವುದು. ಎಕ್ಸುಡೇಟ್ ಆಗಿದ್ದರೆ ಪೊರೆಯನ್ನು ಕೆಡಿಸಿದ ಅಪರಾಧಿಯನ್ನು ಪತ್ತೆಹಚ್ಚುವವರೆಗೆ ಬಿಡುವಂತಿಲ್ಲ. ಜೀವಕೋಶಗಳ ಪರೀಕ್ಷೆ, ಸ್ಕ್ಯಾನು, ಕಡೆಗೆ ಪೊರೆಯ ಒಂದು ತುಣುಕನ್ನೇ ಕತ್ತರಿಸಿ ನೋಡುವುದು, ಎಲ್ಲವೂ ಸರದಿಯಲ್ಲಿ ನಿಲ್ಲುವುವು.

ಎದೆಯಲ್ಲಿ ನೀರಿರುವುದನ್ನು ಬೆರಳಿನಿಂದ ಬಡಿದೇ ತಿಳಿಯಬಹುದೆಂದು 1761ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್, ಗ್ರಾಟ್ಸ್ ಪಟ್ಟಣದ ಒಬ್ಬ ಛತ್ರದವನ ಮಗ. ಮದ್ಯದ ಪೀಪಾಯಿಯನ್ನು ಬಡಿದು ಒಳಗಿನ ಮಟ್ಟವನ್ನು ತಿಳಿಯುವುದನ್ನು ತಂದೆಯ ಮನೆಯಲ್ಲಿ ಕಂಡಿದ್ದನೆಂಬ ಮಾತು ವೈದ್ಯರಲ್ಲಿ ಪ್ರಚಲಿತವಾಗಿದೆ. ಗಾಳಿ ತುಂಬಿದ ಎದೆ ಟೊಳ್ಳಾಗಿ ಮೊಳಗುವುದು, ನೀರು ತುಂಬಿದ ಎದೆ ಕಲ್ಲಿನ ಹಾಗೆ ಮಂದವಾಗಿ ಕೇಳುವುದು. ಈಗ ಅದರ ಜೊತೆಗೆ ಎಕ್ಸ್‌ರೇ ಇದೆ. ನಿಂತು ತೆಗೆಸಿದ ಸಾಮಾನ್ಯ ಚಿತ್ರದಲ್ಲಿ ಪಕ್ಕೆಯ ಕೆಳಗಿನ ಚೂಪಾದ ಮೂಲೆ ಮೊಂಡಾಗಿ ಕಾಣಬೇಕಾದರೆ ಸುಮಾರು ಇನ್ನೂರು ಮಿಲಿಲೀಟರ್ ದ್ರವ ಸೇರಿರಬೇಕು. ಅದಕ್ಕಿಂತ ಬಹಳ ಕಡಿಮೆಯಿದ್ದರೂ ಅಲ್ಟ್ರಾಸೌಂಡ್ ತೋರಿಸಿಕೊಡುವುದು. ಆದುದರಿಂದ ಸೂಜಿ ಚುಚ್ಚುವ ಜಾಗವನ್ನು ಅದರಿಂದಲೇ ಗುರುತುಮಾಡಿಕೊಳ್ಳುವುದು ಇಂದಿನ ಕ್ರಮ.

ನೀರು ತೆಗೆಯುವ ವಿಧಾನವನ್ನು ಹತ್ತಿರದಿಂದ ನೋಡೋಣ. ರೋಗಿಯು ಮಂಚದ ಅಂಚಿನಲ್ಲಿ ಕುಳಿತು, ಮುಂದಿನ ಮೇಜಿನ ಮೇಲೆ ದಿಂಬಿಟ್ಟು ಎರಡು ಕೈಗಳನ್ನೂ ಅದರ ಮೇಲೆ ಮಡಿಸಿ ಬಾಗಿರುತ್ತಾನೆ. ಬೆನ್ನನ್ನು ಶುಚಿಗೊಳಿಸಿ, ಚರ್ಮದಿಂದ ಪೊರೆಯವರೆಗೆ ಮರಗಟ್ಟುವ ಮದ್ದನ್ನು ಕೊಟ್ಟ ಮೇಲೆ, ಸೂಜಿಯನ್ನು ಎರಡು ಪಕ್ಕೆಲುಬುಗಳ ನಡುವೆ, ಕೆಳಗಿನ ಎಲುಬಿನ ಮೇಲಂಚನ್ನು ಸವರಿಕೊಂಡು ಹೋಗುವಂತೆ ತೂರಿಸಬೇಕು. ಏಕೆಂದರೆ ಪ್ರತಿಯೊಂದು ಎಲುಬಿನ ಕೆಳಂಚಿನ ತೋಡಿನಲ್ಲಿ ರಕ್ತನಾಳಗಳೂ ನರವೂ ಅಡಗಿ ಸಾಗಿರುವುವು. ಪಿಚಕಾರಿಯಲ್ಲಿ ದ್ರವ ಕಂಡೊಡನೆ ಪರೀಕ್ಷೆಗೆ ಬೇಕಾದಷ್ಟನ್ನು ಸೀಸೆಗಳಿಗೆ ಹಾಕಿ, ಉಸಿರುಗಟ್ಟಿದ ರೋಗಿಯಾದರೆ ಇನ್ನಷ್ಟನ್ನು ನಿಧಾನವಾಗಿ ಹರಿಯಬಿಡುವುದುಂಟು. ಆದರೆ ಒಂದೇ ಸಲಕ್ಕೆ ಒಂದೂವರೆ ಲೀಟರನ್ನು ಮೀರದಿರುವುದು, ಕೆಮ್ಮೋ ಎದೆಬಿಗಿತವೋ ಬಂದರೆ ಅದಕ್ಕೂ ಮುಂಚೆಯೇ ನಿಲ್ಲಿಸುವುದು ವಾಡಿಕೆ, ಏಕೆಂದರೆ ಬಹುದಿನ ಮುದುಡಿದ್ದ ಶ್ವಾಸಕೋಶ ಥಟ್ಟನೆ ಅರಳಿದರೆ ಅದರೊಳಗೇ ನೀರು ಒಸರುವ ಅಪಾಯವಿದೆ. ಇಷ್ಟರಲ್ಲಿ ಮರೆತುಹೋಗಬಹುದಾದ ಒಂದು ಕೆಲಸ ಉಳಿದಿರುತ್ತದೆ: ಅದೇ ದಿನ ಕೈಯಿಂದ ರಕ್ತವನ್ನೂ ತೆಗೆದು ಜೊತೆಗೆ ಕಳುಹಿಸುವುದು. ಅದಿಲ್ಲದಿದ್ದರೆ ಎದೆಯ ನೀರಿನ ಸಾಕ್ಷ್ಯ ಅರ್ಧ ಸಾಕ್ಷ್ಯವೇ; ಏಕೆಂಬುದು ಮುಂದೆ ತಿಳಿಯುವುದು.

ದ್ರವದ ಬಣ್ಣವನ್ನು ನೋಡಿ ತೀರ್ಪು ಕೊಡಲು ಆತುರಪಡುವವರು ಮೋಸಹೋಗುತ್ತಾರೆ. ಕೀವು ಇದ್ದರೆ, ಹಾಲಿನ ಬಣ್ಣವಿದ್ದರೆ, ಕೆಂಪಾಗಿದ್ದರೆ ಕಣ್ಣೇ ಕೆಲವು ಮಾತು ಹೇಳೀತು. ಆದರೆ ಒಣಹುಲ್ಲಿನ ಬಣ್ಣದ ತಿಳಿಯಾದ ದ್ರವವು ಹೃದ್ರೋಗಿಯ ಎದೆಯಿಂದಲೂ ಬರುವುದು, ಕ್ಷಯರೋಗಿಯ ಎದೆಯಿಂದಲೂ ಬರುವುದು. ಆದುದರಿಂದ ಹಿಂದಿನವರು ದ್ರವದ ಸಾಪೇಕ್ಷ ಸಾಂದ್ರತೆಯನ್ನು ಅಳೆದು, 1.016ಕ್ಕಿಂತ ಹೆಚ್ಚಾದರೆ ಎಕ್ಸುಡೇಟ್ ಎಂದರು. ಆಮೇಲೆ ಪ್ರೋಟೀನನ್ನೇ ನೇರವಾಗಿ ಅಳೆದು, ನೂರು ಮಿಲಿಲೀಟರಿಗೆ 3 ಗ್ರಾಂ ಎಂಬ ಗೆರೆಯನ್ನು ಎಳೆದರು. ಆದರೆ ಈ ಒಂದೇ ಗೆರೆಯನ್ನು ನಂಬಿದರೆ ಸುಮಾರು ಹತ್ತರಲ್ಲಿ ಒಂದು ನಿರ್ಣಯ ತಪ್ಪುವುದು. ಮೊಸರಿನ ಉಪಮೆಯಲ್ಲಿಯೇ ಇದರ ಕಾರಣ ಹೊಳೆಯುವುದು: ಗಂಟಿನಲ್ಲಿರುವ ಮೊಸರು ಗಟ್ಟಿಯೋ ತೆಳುವೋ ಎಂಬುದನ್ನು ತಿಳಿಯದೆ, ಪಾತ್ರೆಯ ನೀರು ಎಷ್ಟು ಮಂದವಾಗಿದೆಯೆಂಬುದರಿಂದ ಬಟ್ಟೆಯ ಗುಣವನ್ನು ಹೇಗೆ ನಿಶ್ಚಯಿಸುವುದು? ಊಟವಿಲ್ಲದೆ ಸೊರಗಿದವನ ರಕ್ತದಲ್ಲಿಯೇ ಪ್ರೋಟೀನು ಕಡಿಮೆ. ಅವನ ಪೊರೆ ಹಾಳಾಗಿದ್ದರೂ ಹೊರಗೆ ಬರುವ ಪ್ರೋಟೀನು 3 ಗ್ರಾಮನ್ನು ಮುಟ್ಟದೆ ಹೋಗಬಹುದು. ಬೇಕಾದುದು ಪಾತ್ರೆಯ ಮಾಪನವಲ್ಲ. ಪಾತ್ರೆಗೂ ಗಂಟಿಗೂ ಇರುವ ಅನುಪಾತ.

ಈ ಅನುಪಾತದ ವಿಚಾರವನ್ನು ವ್ಯವಸ್ಥಿತ ನಿಯಮವನ್ನಾಗಿ ಮಾಡಿದವನು ರಿಚರ್ಡ್ ಲೈಟ್. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿದ್ದಾಗ ಆತನೂ ಸಹೋದ್ಯೋಗಿಗಳೂ ನೂರೈವತ್ತು ದ್ರವಗಳನ್ನು ಪರೀಕ್ಷಿಸಿ 1972ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು; ರೋಗದ ಕಾರಣವನ್ನು ಇತರ ಆಧಾರಗಳಿಂದ ನಿಶ್ಚಯಿಸಿ ನೋಡಿದಾಗ ಅವುಗಳಲ್ಲಿ 47 ಟ್ರಾನ್ಸುಡೇಟ್‌ಗಳು, 103 ಎಕ್ಸುಡೇಟ್‌ಗಳು. ಅವರು ಅಳೆದ ಪದಾರ್ಥಗಳು ಎರಡೇ. ಒಂದು ಪ್ರೋಟೀನು, ಇನ್ನೊಂದು ಎಲ್‌ಡಿಎಚ್ ಎಂದು ಪ್ರಯೋಗಾಲಯದವರು ಕರೆಯುವ ಕಿಣ್ವ. ಪ್ರೋಟೀನು ಗೋಡೆಯ ಸೋರಿಕೆಯನ್ನು ಸೂಚಿಸಿದರೆ, ಜೀವಕೋಶಗಳ ಒಳಗೆ ಇರಬೇಕಾದ ಈ ಕಿಣ್ವವು ಹೊರಗೆ ಕಾಣಿಸಿಕೊಂಡಾಗ ಅಲ್ಲಿ ಜೀವಕೋಶಗಳು ಒಡೆದು ಸಾಯುತ್ತಿವೆಯೆಂದು, ಅಂದರೆ ಪೊರೆಯ ಆಸುಪಾಸಿನಲ್ಲಿ ಕದನ ನಡೆದಿದೆಯೆಂದು ಸೂಚಿಸುವುದು. ಇವುಗಳಿಂದ ಮೂರು ಪ್ರಶ್ನೆಗಳು ಹುಟ್ಟಿದುವು. ದ್ರವದ ಪ್ರೋಟೀನು ರಕ್ತದ ಪ್ರೋಟೀನಿನ ಅರ್ಧಕ್ಕಿಂತ ಹೆಚ್ಚೇ? ದ್ರವದ ಎಲ್‌ಡಿಎಚ್ ರಕ್ತದ ಎಲ್‌ಡಿಎಚ್‌ನ 0.6 ಭಾಗಕ್ಕಿಂತ ಹೆಚ್ಚೇ? ದ್ರವದ ಎಲ್‌ಡಿಎಚ್ 200 ಯೂನಿಟ್ಟುಗಳಿಗಿಂತ ಹೆಚ್ಚೇ? ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಮಾಪನದ ಕ್ರಮ ಬದಲಾಗುವುದರಿಂದ, ಮೂರನೆಯದನ್ನು ಮುಂದೆ ತಿದ್ದಿ, ಆಯಾ ಪ್ರಯೋಗಾಲಯವು ರಕ್ತಕ್ಕೆ ಹಾಕಿಕೊಂಡಿರುವ ಸಹಜ ಮಿತಿಯ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚೇ ಎಂದು ಕೇಳುವುದು ರೂಢಿಯಾಯಿತು. ಮೂರರಲ್ಲಿ ಒಂದಕ್ಕೆ ಹೌದೆಂಬ ಉತ್ತರ ಬಂದರೂ ಸಾಕು, ದ್ರವ ಎಕ್ಸುಡೇಟ್. ಮೂರಕ್ಕೂ ಅಲ್ಲವೆಂದರೆ ಮಾತ್ರ ಟ್ರಾನ್ಸುಡೇಟ್. ಆ ಮೊದಲ ನೂರೈವತ್ತರಲ್ಲಿ ಈ ನಿಯಮಕ್ಕೆ ಸಿಕ್ಕದೆ ಹೋದ ಎಕ್ಸುಡೇಟ್ ಒಂದೇ, ಅದರಿಂದ ಅನ್ಯಾಯಕ್ಕೆ ಗುರಿಯಾದ ಟ್ರಾನ್ಸುಡೇಟೂ ಒಂದೇ.

ಈಗ ವಾರ್ಡುಗಳಲ್ಲಿ ಪದೇಪದೇ ಕಾಣುವಂಥ ಎರಡು ಚಿತ್ರಗಳನ್ನು, ಲೆಕ್ಕಕ್ಕೆ ಅನುಕೂಲವಾದ ಅಂಕಿಗಳನ್ನಿಟ್ಟುಕೊಂಡು ಬಿಡಿಸೋಣ. ಮೊದಲನೆಯವನು ಇಪ್ಪತ್ತೆರಡರ ತರುಣ. ಮೂರು ವಾರಗಳಿಂದ ಸಂಜೆಯ ಜ್ವರ, ಉಸಿರೆಳೆದರೆ ಎಡಪಕ್ಕೆಯಲ್ಲಿ ಚುಚ್ಚುವ ನೋವು, ಎಕ್ಸ್‌ರೇಯಲ್ಲಿ ಎಡಗಡೆ ಮಾತ್ರ ನೀರು. ದ್ರವದ ಪ್ರೋಟೀನು 5.2 ಗ್ರಾಂ, ರಕ್ತದ್ದು 7.4, ಅನುಪಾತ 0.70. ಎಲ್‌ಡಿಎಚ್ ದ್ರವದಲ್ಲಿ 480, ರಕ್ತದಲ್ಲಿ 210. ಇಲ್ಲಿ ಮೂರು ಪ್ರಶ್ನೆಗಳೂ ಒಂದೇ ಕಂಠದಿಂದ ಹೌದೆನ್ನುವುವು. ಬಟ್ಟೆ ಹರಿದಿದೆ, ಹರಿದವರಾರು ಎಂಬುದಷ್ಟೆ ಉಳಿದ ಪ್ರಶ್ನೆ. ಬಿಳಿಕಣಗಳಲ್ಲಿ ಬಹುಪಾಲು ಲಿಂಫೋಸೈಟುಗಳೇ ಆಗಿ, ಎಡಿಎ ಎಂಬ ಇನ್ನೊಂದು ಕಿಣ್ವವು ರೂಢಿಯ ಗಡಿಯಾದ 40 ಯೂನಿಟ್ಟುಗಳನ್ನು ದಾಟಿ 68ರಷ್ಟಿದ್ದರೆ, ಕ್ಷಯವು ಸಾಮಾನ್ಯವಾದ ನಮ್ಮ ದೇಶದಲ್ಲಿ ಬೆರಳು ಯಾವ ಕಡೆಗೆ ತೋರುವುದೆಂಬುದನ್ನು ಹೇಳಬೇಕಾಗಿಲ್ಲ. ಇಂಥ ರೋಗಿಯಲ್ಲಿ ನಿಯಮಕ್ಕೆ ಕಷ್ಟವೇ ಇಲ್ಲ.

ನಿಯಮದ ನಿಜವಾದ ಪರೀಕ್ಷೆ ನಡೆಯುವುದು ಎರಡನೆಯವರಲ್ಲಿ. ಅರುವತ್ತಾರು ವಯಸ್ಸಿನ ನಿವೃತ್ತ ಉಪಾಧ್ಯಾಯರು, ಹಿಂದೊಮ್ಮೆ ಹೃದಯಾಘಾತವಾಗಿದೆ, ತಿಂಗಳಿಂದ ಕಾಲು ಊದಿ, ರಾತ್ರಿ ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಎದೆಯ ಎರಡು ಕಡೆಯೂ ನೀರಿದೆ, ಬಲಗಡೆ ಹೆಚ್ಚು. ಜ್ವರವಿಲ್ಲದೆ ಎರಡು ಕಡೆಯೂ ನೀರಿರುವ ಹೃದ್ರೋಗಿಗೆ ಕೂಡಲೇ ಸೂಜಿ ಹಾಕಬೇಕಾಗಿಲ್ಲ. ಆದರೆ ಇವರಿಗೆ ಊರಿನ ವೈದ್ಯರ ಮಾತ್ರೆಗಳಿಂದ ಕಾಲಿನ ಊತ ಇಳಿದರೂ ಬಲಗಡೆಯ ನೀರು ನಿಂತೇ ಇದ್ದುದರಿಂದ ಶಂಕೆ ಹುಟ್ಟಿ, ಏಳುನೂರು ಮಿಲಿಲೀಟರ್ ತೆಗೆದು ಪರೀಕ್ಷೆಗೆ ಕೊಟ್ಟರು. ಬಂದ ವರದಿ ಹೀಗೆ: ಪ್ರೋಟೀನು ದ್ರವದಲ್ಲಿ 3.6 ಗ್ರಾಂ, ರಕ್ತದಲ್ಲಿ 6.8, ಎಲ್‌ಡಿಎಚ್ ದ್ರವದಲ್ಲಿ 130, ರಕ್ತದಲ್ಲಿ 230, ಆ ಪ್ರಯೋಗಾಲಯದ ಸಹಜ ಮಿತಿ 240. ಲೆಕ್ಕ ಹಾಕಿದರೆ, ಎಲ್‌ಡಿಎಚ್‌ನ ಅನುಪಾತ 0.57, ಗಡಿಯ ಒಳಗೇ ಇದೆ. 240ರ ಮೂರರಲ್ಲಿ ಎರಡು ಭಾಗ 160, ದ್ರವದ 130 ಅದಕ್ಕೂ ಕಡಿಮೆ. ಆದರೆ ಪ್ರೋಟೀನಿನ ಅನುಪಾತ 0.53, ಗೆರೆಯನ್ನು ಕೂದಲೆಳೆಯಷ್ಟು ದಾಟಿದೆ. ಒಂದು ಹೌದು ಸಾಕೆಂಬ ನಿಯಮದಂತೆ ವರದಿಯ ಕೆಳಗೆ ಎಕ್ಸುಡೇಟ್ ಎಂದು ಅಚ್ಚಾಯಿತು.

"ಹಾಗಾದ್ರೆ ಇದು ಕ್ಯಾನ್ಸರೇನೋ ಅಂತ ಅಲ್ಲಿ ಯಾರೋ ಅಂದ್ರು, ಡಾಕ್ಟ್ರೇ" ಎಂದು ಮೇಷ್ಟ್ರ ಹೆಂಡತಿ ಗಾಬರಿಯಿಂದ ಕೇಳುತ್ತಾರೆ. ವೈದ್ಯರು ಉತ್ತರ ಹೇಳುವುದಕ್ಕೆ ಮುಂಚೆ, "ಅಮ್ಮಾ, ಇವರು ತೊಗೊಳ್ತಿರೋ ಮಾತ್ರೆಗಳನ್ನ ತಂದಿದೀರಾ?" ಎನ್ನುವರು. ಆಕೆ ಚೀಲದಿಂದ ತೆಗೆದ ಪಟ್ಟಿಗಳಲ್ಲಿ ಒಂದರಲ್ಲಿ ಹೆಚ್ಚುಕಡಿಮೆ ಎಲ್ಲ ಗುಳಿಗಳೂ ಖಾಲಿಯಾಗಿವೆ. "ಇದು ನೀರು ಹೋಗೋ ಮಾತ್ರೆ. ಹತ್ತು ದಿನ ಆಯ್ತು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು." ಅದು ಫ್ಯುರೋಸೆಮೈಡ್. ವರದಿಯ ಒಗಟಿಗೆ ಬೀಗದ ಕೈ ಆ ಖಾಲಿ ಪಟ್ಟಿಯಲ್ಲಿದೆ.

ಮಾತ್ರೆಯು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಹೊರಹಾಕುವಾಗ ಎದೆಯ ದ್ರವದಿಂದಲೂ ನೀರು ಹಿಂದಿರುಗಿ ರಕ್ತವನ್ನು ಸೇರುವುದು; ಆದರೆ ಪ್ರೋಟೀನಿನ ದೊಡ್ಡ ಅಣುಗಳು ಅಷ್ಟು ಶೀಘ್ರವಾಗಿ ಹೊರಡಲಾರವು. ನೀರು ಹೋಗಿ ಪ್ರೋಟೀನು ಉಳಿದಾಗ, ಬಿಸಿಲಿಗಿಟ್ಟ ಪಾತ್ರೆಯ ತಿಳಿಯು ಇಂಗಿ ಮಂದವಾಗುವಂತೆ, ದ್ರವ ಸಾಂದ್ರವಾಗುವುದು. ಬಟ್ಟೆ ಹರಿಯದೆಯೇ ಪಾತ್ರೆಯ ನೀರು ಮಂದವಾದ ಪ್ರಸಂಗವಿದು. ಹೃದಯದ ದೌರ್ಬಲ್ಯದಿಂದ ನಿಂತ ನೀರಿನಲ್ಲಿ, ವಿಶೇಷವಾಗಿ ಮಾತ್ರೆ ಆರಂಭಿಸಿದ ಮೇಲೆ ತೆಗೆದುದರಲ್ಲಿ, ಸುಮಾರು ನಾಲ್ಕರಲ್ಲಿ ಒಂದು ಹೀಗೆ ಲೈಟನ ನಿಯಮದ ಕೈಯಲ್ಲಿ ತಪ್ಪಾಗಿ ಎಕ್ಸುಡೇಟ್ ಎನಿಸಿಕೊಳ್ಳುವುದುಂಟು. ಮತ್ತು ಅಂಥವು ಗೆರೆಯನ್ನು ದಾಟುವುದು ಬಹುಶಃ ಸ್ವಲ್ಪವೇ. ತರುಣನ 0.70 ಎಲ್ಲಿ, ಉಪಾಧ್ಯಾಯರ 0.53 ಎಲ್ಲಿ!

ಇಲ್ಲಿ ಮೇಲಿನ ನ್ಯಾಯಾಲಯವೊಂದಕ್ಕೆ ಅಪೀಲು ಹೋಗುವ ದಾರಿ ಇದೆ. ಅನುಪಾತವನ್ನು ಬಿಟ್ಟು ವ್ಯತ್ಯಾಸವನ್ನು ನೋಡುವುದು ಆ ದಾರಿ: ರಕ್ತದ ಆಲ್ಬುಮಿನ್‌ನಿಂದ ದ್ರವದ ಆಲ್ಬುಮಿನ್ ಅನ್ನು ಕಳೆದಾಗ ಉಳಿಯುವುದು 1.2 ಗ್ರಾಮಿಗಿಂತ ಹೆಚ್ಚಾದರೆ ಗೋಡೆ ತನ್ನ ಕೆಲಸವನ್ನು ಮಾಡುತ್ತಿದೆಯೆಂದು ಅರ್ಥ. ಉಪಾಧ್ಯಾಯರ ರಕ್ತದಲ್ಲಿ 3.8, ದ್ರವದಲ್ಲಿ 2.2, ವ್ಯತ್ಯಾಸ 1.6. ಒಟ್ಟು ಪ್ರೋಟೀನಿನಲ್ಲಿ ಇದೇ ಬಗೆಯ ಗಡಿ 3.1, ಅವರ ವ್ಯತ್ಯಾಸ 3.2. ಎರಡು ಸಾಕ್ಷಿಗಳೂ ಪೊರೆ ನಿರ್ದೋಷಿಯೆಂದು ನುಡಿದುವು.

ವ್ಯತ್ಯಾಸದ ಪರೀಕ್ಷೆ ಇಷ್ಟು ನಯವಾಗಿದ್ದರೆ ಮೊದಲಿನಿಂದಲೂ ಅದನ್ನೇ ಏಕೆ ಬಳಸಬಾರದು ಎಂದು ವಾಚಕರು ಕೇಳಬಹುದು. ಉತ್ತರವು ಲೈಟನ ನಿಯಮದ ರಚನೆಯಲ್ಲಿಯೇ ಇದೆ. ಮೂರರಲ್ಲಿ ಯಾವುದೊಂದು ಬಾಗಿಲು ತೆರೆದರೂ ಎಕ್ಸುಡೇಟ್ ಎನ್ನುವ ಕ್ರಮವು ತಪ್ಪಿಲ್ಲದ ಕ್ರಮವಲ್ಲ. ತನ್ನ ತಪ್ಪುಗಳನ್ನೆಲ್ಲ ಒಂದೇ ಪಕ್ಕಕ್ಕೆ ಸರಿಸಿಕೊಂಡಿರುವ ಕ್ರಮ. ನಿರಪರಾಧಿಯನ್ನು ಆಗಾಗ ಠಾಣೆಗೆ ಕರೆಸುವುದು ಅದರ ದೋಷ. ಅಪರಾಧಿಯನ್ನು ಹಾಗೆಯೇ ಬಿಟ್ಟುಕೊಡುವುದು ಅತ್ಯಂತ ವಿರಳ. ವ್ಯತ್ಯಾಸದ ಪರೀಕ್ಷೆ ಇದಕ್ಕೆ ವಿಪರೀತ: ಅದನ್ನೇ ಮೊದಲು ಹೂಡಿದರೆ, ಅರ್ಬುದದಿಂದಲೋ ಕ್ಷಯದಿಂದಲೋ ಬಂದ ಕೆಲವು ಎಕ್ಸುಡೇಟ್‌ಗಳು ಟ್ರಾನ್ಸುಡೇಟಿನ ವೇಷದಲ್ಲಿ ಮನೆಗೆ ಹೋಗಿಬಿಡುವುವು. ಹೃದ್ರೋಗಿಗೆ ಒಂದು ಅನಾವಶ್ಯಕ ಸ್ಕ್ಯಾನು ಆದರೆ ಆಗುವ ನಷ್ಟಕ್ಕೂ, ಅರ್ಬುದವು ಆರು ತಿಂಗಳು ಕಾಣದೆ ಉಳಿದರೆ ಆಗುವ ನಷ್ಟಕ್ಕೂ ತೂಕ ಒಂದೇ ಅಲ್ಲವಾದುದರಿಂದ, ಮೊದಲು ಲೈಟನ ನಿಯಮ. ರೋಗಿಯ ಚರಿತ್ರೆಯು ಹೃದಯದ ಕಡೆಗೆ ಬಲವಾಗಿ ಬೆರಳುಮಾಡಿ, ವರದಿಯು ಗೆರೆಯ ಆಚೆಗೆ ತುಸುವೇ ಸರಿದಿದ್ದಾಗ ಮಾತ್ರ ವ್ಯತ್ಯಾಸದ ಅಪೀಲು.

ಇನ್ನೊಂದು ಮೋಸವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೆಂಪು ರಕ್ತಕಣಗಳ ಒಳಗೆ ಎಲ್‌ಡಿಎಚ್ ಹೇರಳವಾಗಿದೆ. ಸೂಜಿ ಚುಚ್ಚುವಾಗ ರಕ್ತ ಬೆರೆತು ಕಣಗಳು ಒಡೆದರೆ, ಪೊರೆಯಲ್ಲಿ ಯಾವ ಉರಿಯೂತವೂ ಇಲ್ಲದೆಯೇ ದ್ರವದ ಎಲ್‌ಡಿಎಚ್ ಏರಿ ಕಾಣುವುದು. ಕೈಯಿಂದ ತೆಗೆದ ರಕ್ತದ ಕಣಗಳು ಸೀಸೆಯಲ್ಲಿಯೇ ಒಡೆದರೆ, ರಕ್ತದ ಅಂಕಿ ಉಬ್ಬಿ ಅನುಪಾತವು ಸುಳ್ಳಾಗಿ ಇಳಿಯುವುದು. ಆದುದರಿಂದ ಪ್ರೋಟೀನಿನ ಮಾತಿಗೂ ಎಲ್‌ಡಿಎಚ್‌ನ ಮಾತಿಗೂ ಹೊಂದಿಕೆಯಿಲ್ಲದಿದ್ದಾಗ, ಅನುಭವಿಗಳು ಅಪೂರ್ವ ರೋಗವನ್ನು ಊಹಿಸುವುದಕ್ಕೆ ಮುಂಚೆ ಸೀಸೆಗಳ ಬಣ್ಣವನ್ನು ಒಮ್ಮೆ ಎತ್ತಿ ನೋಡುವರು.

ಉಪಾಧ್ಯಾಯರ ಪೊರೆಯ ತುಣುಕನ್ನು ಯಾರೂ ಕತ್ತರಿಸಲಿಲ್ಲ. ದ್ರವದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅನುಮಾನಾಸ್ಪದವಾದುದು ಇಲ್ಲವೆಂದು ಖಚಿತಪಡಿಸಿಕೊಂಡು, ಮಾತ್ರೆಯನ್ನು ಮುಂದುವರಿಸಿ, ಎರಡು ವಾರಗಳ ಮೇಲೆ ಮತ್ತೆ ಎಕ್ಸ್‌ರೇ ತೆಗೆಸಲು ಹೇಳಿ ಕಳುಹಿಸಿದರು. ಏಕೆಂದರೆ ಅಷ್ಟರಲ್ಲಿ ನೀರು ಇಂಗದಿದ್ದರೆ ಅಪೀಲಿನ ತೀರ್ಪನ್ನೂ ಮರಳಿ ವಿಚಾರಿಸಬೇಕಾದೀತು. ಅವರ ಕಡತದಲ್ಲಿ ಪ್ರಯೋಗಾಲಯವು ಅಚ್ಚುಹಾಕಿದ ಎಕ್ಸುಡೇಟ್ ಎಂಬ ಪದ ಹಾಗೆಯೇ ಉಳಿದಿದೆ. ಅದರ ಪಕ್ಕದಲ್ಲಿ ವೈದ್ಯರು ಶಾಯಿಯಲ್ಲಿ ಬರೆದಿರುವುದು ಎರಡು ಅಂಶಗಳನ್ನು ಮಾತ್ರ: ಆಲ್ಬುಮಿನ್ ವ್ಯತ್ಯಾಸ 1.6, ನೀರು ಹೋಗುವ ಮಾತ್ರೆ, ಹತ್ತು ದಿನ.